ಲೇಬಲ್ಲಿನಲ್ಲಿ 34 ಅಂತಿದೆ, ಹಳೇ ಪ್ಯಾಂಟಿನ ಗುಂಡಿ ಹತ್ತುತ್ತಿಲ್ಲ. ಹಾಕಿ ನೋಡದೆ ಅಳತೆ ತಿಳಿಯೋದು ಹೇಗೆ?

ಕೆಟಿಜೆ ನಗರದ ಕಿರಣ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ನನಗೆ ಹಳೇ ಕಾಲದ ಪ್ಯಾಂಟುಗಳೆಂದರೆ ಇಷ್ಟ. ಮುಂದೆ ನೆರಿಗೆ, ದಪ್ಪ ಬಟ್ಟೆ, ಹೊಕ್ಕಳ ತನಕ ಬರುವ ಸೊಂಟ. ಚಿತ್ರದುರ್ಗದಲ್ಲಿ ಒಬ್ಬರು ಇಂಥವನ್ನು ಫೋನಿನಲ್ಲಿ ಫೋಟೊ ಹಾಕಿ ಮಾರುತ್ತಾರೆ. ದುಡ್ಡು ಕಳಿಸಿದರೆ ಬಸ್ಸಿಗೆ ಪಾರ್ಸೆಲ್ ಹಾಕುತ್ತಾರೆ. ವಾಪಸ್ ಮಾತ್ರ ತಗೊಳ್ಳೋದಿಲ್ಲ.

ಹೋದ ತಿಂಗಳು ಒಂದು ಹಳೇ ಜೀನ್ಸ್ ತರಿಸಿದೆ. ಲೇಬಲ್ಲಿನಲ್ಲಿ 34 ಅಂತಿತ್ತು. ಈಗ ಅಂಗಡಿಯಲ್ಲಿ ನಾನು ತಗೊಳ್ಳೋದೂ 34. ಆದರೆ ಇದರ ಗುಂಡಿ ಹತ್ತಲೇ ಇಲ್ಲ, ಸುಮಾರು ಎರಡು ಇಂಚು ದೂರ ನಿಂತಿತು. ಈಗ ಅವರ ಹತ್ತಿರ ಒಂದು ನೆರಿಗೆ ಪ್ಯಾಂಟ್ ಇದೆ, ಬೂದು ಬಣ್ಣದ್ದು, ಅದೂ 34. ಬಿಡೋಕೆ ಮನಸ್ಸಿಲ್ಲ. ಹಾಕಿ ನೋಡೋ ದಾರಿ ಇಲ್ಲದಾಗ ಏನೇನು ಕೇಳಿ ತಿಳ್ಕೋಬೇಕು?

ಚಳ್ಳಕೆರೆ ಚಂದ್ರು

ಬಹಳ ಸುಲಭ ಕಿರಣ. ಗುಂಡಿ ಹಾಕಿದ ಪ್ಯಾಂಟಿನ ಸೊಂಟಪಟ್ಟಿ ಹಿಡ್ಕೊಂಡು ಕುತ್ತಿಗೆಗೆ ಸುತ್ತಬೇಕು. ಎರಡು ತುದಿ ಹಿಂದೆ ಕೂಡಿದರೆ ಆ ಪ್ಯಾಂಟ್ ನಿಮ್ಮದು. ಕುತ್ತಿಗೆಯ ಎರಡರಷ್ಟು ಸೊಂಟ ಇರುತ್ತೆ, ಅಷ್ಟೇ ಲೆಕ್ಕ. ರಸ್ತೆ ಬದಿ ರಾಶಿಯಲ್ಲಿ ನಾನು ಹಾಗೇ ಆರಿಸೋದು, ಯಾವತ್ತೂ ತಪ್ಪಿಲ್ಲ. ಮಾರೋರಿಗೆ ನಿಮ್ಮ ಕುತ್ತಿಗೆ ಅಳತೆ ಹೇಳಿ, ಅವರೇ ನೋಡಿ ಹೇಳ್ತಾರೆ.

ದುರ್ಗದ ಟೇಲರ್

ಚಂದ್ರು ಅವರ ಲೆಕ್ಕ ಹೊಟ್ಟೆ ಇಲ್ಲದ ತೆಳ್ಳಗಿನ ಹುಡುಗರಿಗೆ ಸುಮಾರಾಗಿ ಹೊಂದುತ್ತದೆ. ಸ್ವಲ್ಪ ಹೊಟ್ಟೆ ಬಂದಿದ್ದರೆ ಕೆಟ್ಟಿತು. ಕುತ್ತಿಗೆ 15.5 ಇರುವವರಿಗೆ ಇದು 31 ಹೇಳುತ್ತದೆ, ಅವರ ಸೊಂಟ 35 ಇರಬಹುದು. ಮತ್ತೆ ಇದು ಸೊಂಟ ಬಿಟ್ಟು ಬೇರೇನೂ ಹೇಳೋದಿಲ್ಲ. ಸೀಟು, ತೊಡೆ, ಕಾಲು ಕೂಡುವ ಕಡೆಯಿಂದ ಪಟ್ಟಿ ತನಕದ ಎತ್ತರ ಅಂದರೆ ರೈಸ್, ಎಲ್ಲಾ ಬಿಟ್ಟು ಹೋಗುತ್ತದೆ.

ಕಿರಣ, ಮೊದಲು ಲೇಬಲ್ ಮರೆತುಬಿಡಿ. ಈಗಿನ ರೆಡಿಮೇಡ್ ಪ್ಯಾಂಟಿನಲ್ಲಿ 34 ಅಂತ ಬರೆದಿದ್ದರೂ ಪಟ್ಟಿ ಅಳೆದರೆ 35, 36 ಬರೋದು ಮಾಮೂಲು. ಗಿರಾಕಿಗೆ ತನ್ನ ಸೊಂಟ ಚಿಕ್ಕದು ಅನ್ನಿಸಿದರೆ ಖುಷಿ, ಅದಕ್ಕೇ ಕಂಪನಿಗಳು ನಂಬರ್ ಕಡಿಮೆ ಬರೆಯುತ್ತವೆ. 2010ರಲ್ಲಿ ಅಮೆರಿಕದ ಎಸ್ಕ್ವೈರ್ ಪತ್ರಿಕೆಯವರು 36 ಅಂತ ಬರೆದ ಪ್ಯಾಂಟುಗಳನ್ನು ಟೇಪ್ ಹಿಡಿದು ಅಳೆದರು. 37ರಿಂದ 41 ಇಂಚಿನವರೆಗೂ ಸಿಕ್ಕಿತು. ಹಳೇ ಬಟ್ಟೆಯಲ್ಲಿ ಈ ಉಬ್ಬು ಕಡಿಮೆ. 34 ಅಂದರೆ 34ರ ಆಸುಪಾಸು.

ಜೀನ್ಸಿಗೆ ಇನ್ನೊಂದು ಕಾರಣ ಇದೆ. ಮೊದಲೇ ಕುಗ್ಗಿಸದ ಬಟ್ಟೆಯಲ್ಲಿ ಹೊಲಿದ ಜೀನ್ಸ್ ಇರುತ್ತವೆ, ಲೀವೈಸ್ 501ರ ಶ್ರಿಂಕ್-ಟು-ಫಿಟ್ ಥರದವು. ಅವುಗಳ ಮೇಲಿನ ನಂಬರ್ ಒಗೆಯೋಕೆ ಮುಂಚಿನದು. ಒಗೆದ ಮೇಲೆ ಸೊಂಟದಲ್ಲೂ ಉದ್ದದಲ್ಲೂ ಕುಗ್ಗುತ್ತವೆ, ನಂಬರ್ ಮಾತ್ರ ಹಾಗೇ ಉಳಿಯುತ್ತದೆ.

ನಿಮ್ಮ ಹತ್ತಿರ ಟೇಪ್ ಇದ್ದರೆ ಮೂರು ಅಳತೆ ಕೊಡಿ. ಆ ಜೀನ್ಸಿನದು, ನೀವು ಈಗ ಹಾಕೋ 34ರದು, ಮತ್ತೆ ನಿಮ್ಮ ಮೈಯದು. ಮೈ ಅಳತೆ ಎರಡು ಕಡೆ ಬೇಕು, ಈಗ ಪ್ಯಾಂಟ್ ನಿಲ್ಲೋ ಜಾಗದಲ್ಲಿ ಒಂದು, ಹೊಕ್ಕಳ ಮೇಲೆ ಒಂದು. ಉಸಿರು ಎಳ್ಕೊಂಡು ಅಳೀಬೇಡಿ. ಪ್ಯಾಂಟ್ ಅಳೆಯುವಾಗ ಗುಂಡಿ ಹಾಕಿ, ನೆಲದ ಮೇಲೆ ಹಾಸಿ, ಪಟ್ಟಿಯ ಮುಂದಿನ ಅಂಚನ್ನು ಹಿಂದಿನ ಅಂಚಿಗೆ ಸಮ ಮಾಡಿ. ಮುಂದಿನ ಪಟ್ಟಿ ಜೋಲುಬಿದ್ದಿದ್ದರೆ ಅಳತೆ ತಪ್ಪುತ್ತದೆ.

ಸುಮಾ ಹರಿಹರ

ನನ್ನದೂ ಇದೇ ಥರದ್ದು, ಇಲ್ಲೇ ಕೇಳ್ತೀನಿ. ಅಮೆರಿಕದಲ್ಲಿರೋ ನಮ್ಮ ನಾದಿನಿ ಅಲ್ಲಿನ ಹಳೇ ಬಟ್ಟೆ ಅಂಗಡಿಯಿಂದ ಒಂದು ಫ್ರಾಕ್ ತಂದುಕೊಟ್ಟಿದ್ದಾಳೆ. ಸೈಜ್ 14 ಅಂತಿದೆ. ಬಹಳ ಚೆನ್ನಾಗಿದೆ. ನನ್ನ ಮಗಳಿಗೆ ಈಗ ಹನ್ನೊಂದು. ಇನ್ನೂ ಮೂರು ವರ್ಷ ಎತ್ತಿಡಬೇಕು ಅಲ್ವಾ? ಅಷ್ಟರಲ್ಲಿ ಬಟ್ಟೆ ಹಾಳಾಗದ ಹಾಗೆ ಹೇಗೆ ಇಡೋದು?

ದುರ್ಗದ ಟೇಲರ್

ಸುಮಾ ಅಕ್ಕ, ಅದು ವಯಸ್ಸಿನ ನಂಬರ್ ಅಲ್ಲದೇ ಇರಬಹುದು. ಅಮೆರಿಕದ ಹೆಂಗಸರ ಬಟ್ಟೆಗೆ 8, 10, 12, 14 ಅಂತ ಬೇರೆಯೇ ನಂಬರ್ ಇದೆ, ಅದು ಕಾಲಕ್ಕೆ ತಕ್ಕಂತೆ ಬಹಳ ಜಾರಿದೆ. ಸೀರ್ಸ್ ಅನ್ನೋ ಅಂಗಡಿಯ 1937ರ ಪಟ್ಟಿಯಲ್ಲಿ 32 ಇಂಚು ಎದೆಯ ಫ್ರಾಕಿಗೆ 14 ಅಂತಿತ್ತು. 1967ಕ್ಕೆ ಅದೇ ಎದೆ 8 ಆಯಿತು. 2011ರ ಹೊತ್ತಿಗೆ 0. ಹಾಗಾಗಿ ಎತ್ತಿಡೋ ಮುಂಚೆ ಕಂಕುಳಿಂದ ಕಂಕುಳಿಗೆ ಅಳೆದು ಎರಡರಷ್ಟು ಮಾಡಿ, ಮಗಳ ಎದೆ ಸುತ್ತಳತೆ ಜೊತೆ ಹೋಲಿಸಿ. ಫ್ರಾಕಿನದು ಎರಡು ಮೂರು ಇಂಚು ಜಾಸ್ತಿ ಇದ್ದರೆ ಈಗಲೇ ಆಗಬಹುದು. ಎಲಾಸ್ಟಿಕ್ ಇಲ್ಲದ ಬಟ್ಟೆ ಆಗಿದ್ದರೆ ಜಿಪ್ ಎಲ್ಲಿದೆ, ತಲೆ ಮೇಲಿಂದ ಇಳಿಯುತ್ತಾ ಅನ್ನೋದನ್ನೂ ನೋಡಿ.

ಕೆಟಿಜೆ ನಗರದ ಕಿರಣ

ಅಳೆದೆ ಸರ್.

ಜೀನ್ಸ್ ಹಾಸಿದಾಗ 16.5, ಅಂದರೆ ಸುತ್ತ 33. ಈಗ ಹಾಕೋ 34ರ ಪ್ಯಾಂಟ್ 17.5, ಅಂದರೆ 35. ಮೈ ಅಳತೆ ಪ್ಯಾಂಟ್ ನಿಲ್ಲೋ ಜಾಗದಲ್ಲಿ 35, ಹೊಕ್ಕಳ ಮೇಲೆ 36. ಸೀಟಿನಲ್ಲಿ ಜಾಸ್ತಿ ಅಗಲ ಇರೋ ಕಡೆ 40.

ಮಾರೋರ ಹತ್ತಿರ ನೆರಿಗೆ ಪ್ಯಾಂಟ್ ಕೂಡ ಅಳೆಸಿದೆ. ಹಾಸಿದಾಗ ಸೊಂಟ 17 ಅಂತಾರೆ. ಅಂದರೆ 34. ನನ್ನ ಹೊಸ ಪ್ಯಾಂಟಿಗಿಂತ ಒಂದೇ ಇಂಚು ಕಡಿಮೆ. ಅಷ್ಟು ನಡೆಯುತ್ತೆ ಅಲ್ವಾ?

ದುರ್ಗದ ಟೇಲರ್

ನಡೆಯೋದಿಲ್ಲ ಕಿರಣ. ನಿಮ್ಮ ಹೊಸ ಪ್ಯಾಂಟಿನ ಒಳಗಿನ ಲೇಬಲ್ ಓದಿ ನೋಡಿ. ಸ್ಪಾಂಡೆಕ್ಸ್, ಎಲಾಸ್ಟೇನ್ ಅಥವಾ ಲೈಕ್ರಾ ಅಂತ ಒಂದೆರಡು ಪರ್ಸೆಂಟ್ ಇದ್ದೇ ಇರುತ್ತದೆ. ಅದು ನೆಲದ ಮೇಲೆ 35 ತೋರಿಸಿದರೂ ಮೈಮೇಲೆ ಹೋದಾಗ ಹಿಗ್ಗಿಕೊಳ್ಳುತ್ತದೆ. ಹಳೇ ಬಟ್ಟೆ ಹಿಗ್ಗೋದಿಲ್ಲ. ಅದಕ್ಕೇ ಹಿಗ್ಗುವ ಪ್ಯಾಂಟಿನ ಅಳತೆಯನ್ನು ಹಿಗ್ಗದ ಪ್ಯಾಂಟಿಗೆ ಹೋಲಿಸಬಾರದು. ಹೋಲಿಸಲೇಬೇಕಾದರೆ ಟೇಲರ್ ಹತ್ತಿರ ಹೊಲಿಸಿದ ನಿಮ್ಮ ಪ್ಯಾಂಟ್ ತಗೊಳ್ಳಿ, ಇಲ್ಲಾಂದ್ರೆ ಮೈ ಅಳತೆಯನ್ನೇ ನಂಬಿ.

ಎರಡನೇ ವಿಷಯ, ಆ ಪ್ಯಾಂಟ್ ನಿಮ್ಮ ಮೈಮೇಲೆ ಎಲ್ಲಿ ನಿಲ್ಲುತ್ತದೆ? ಅದು ರೈಸ್ ನೋಡಿದರೆ ಗೊತ್ತಾಗುತ್ತದೆ. ಕಾಲು ಕೂಡುವ ಹೊಲಿಗೆಯಿಂದ ಮುಂದಿನ ಪಟ್ಟಿಯ ಮೇಲಂಚಿನ ತನಕ ಅಳೆಯಲು ಹೇಳಿ. ಈಗಿನ ಪ್ಯಾಂಟಿನಲ್ಲಿ ಹತ್ತು ಇಂಚಿನ ಹತ್ತಿರ ಇರುತ್ತದೆ. ನೆರಿಗೆ ಪ್ಯಾಂಟಿನಲ್ಲಿ ಹನ್ನೆರಡರ ಮೇಲಿದ್ದರೆ ಅದು ಹೊಕ್ಕಳ ಹತ್ತಿರ ನಿಲ್ಲುವ ಪ್ಯಾಂಟ್. ಆಗ ಲೆಕ್ಕಕ್ಕೆ ಬರೋದು ನಿಮ್ಮ 35 ಅಲ್ಲ, 36. ಕೂರೋಕೆ ಅರ್ಧ ಇಂಚು ಸಡಿಲ ಸೇರಿಸಿ, 36.5 ಬೇಕು. ಅವರ ಪ್ಯಾಂಟ್ 34. ಎರಡೂವರೆ ಇಂಚು ಕಡಿಮೆ.

ಆದರೂ ಪೂರ್ತಿ ಕೈಬಿಡಬೇಡಿ. ಫಾರ್ಮಲ್ ಪ್ಯಾಂಟಿನ ಸೊಂಟಪಟ್ಟಿಗೆ ಹಿಂದೆ ನಡುವೆ ಒಂದು ಜೋಡಣೆ ಇರುತ್ತದೆ, ಸೀಟಿನ ಹೊಲಿಗೆ ಒಳಗೆ ಬಟ್ಟೆ ಮಡಚಿ ಬಿಟ್ಟಿರುತ್ತಾರೆ. ಅಲ್ಲಿ ಬಿಚ್ಚಿ ಅಗಲ ಮಾಡಬಹುದು. ಜೀನ್ಸಿಗೆ ಆ ದಾರಿ ಇಲ್ಲ. ಅದರ ಪಟ್ಟಿ ಒಂದೇ ತುಂಡು, ಸೀಟಿನ ಹೊಲಿಗೆ ಮಡಚಿ ಎರಡು ಸಾಲು ಹಾಕಿರುತ್ತಾರೆ, ಬಿಚ್ಚಲು ಬಟ್ಟೆಯೇ ಇರೋದಿಲ್ಲ.

ಪ್ಯಾಂಟ್ ಒಳಮಗ್ಗಲು ತಿರುಗಿಸಿ, ಹಿಂದಿನ ಹೊಲಿಗೆ ಪಕ್ಕ ಟೇಪ್ ಇಟ್ಟು ಫೋಟೊ ಕೇಳಿ. ಟೇಪಿನ ಸೊನ್ನೆ ತುದಿ ಫೋಟೊದಲ್ಲಿ ಕಾಣಬೇಕು, ಇಂಚಿನ ಮಗ್ಗಲು ಮೇಲಿರಬೇಕು. ಹೊಲಿಗೆ ಪಕ್ಕದಲ್ಲಿ ಇನ್ನೊಂದು ಹಳೇ ಸೂಜಿ ತೂತಿನ ಸಾಲು ಅಥವಾ ಮಡಿಕೆ ಗೆರೆ ಇದ್ದರೆ ಅದನ್ನು ಆಗಲೇ ಯಾರೋ ಬಿಚ್ಚಿ ಹೊಲಿದಿದ್ದಾರೆ ಅಂತ ಅರ್ಥ. ಆ ಗೆರೆ ಹೊಲಿಗೆಯ ಯಾವ ಪಕ್ಕ ಇದೆ ಅನ್ನೋದರಿಂದ ಸಣ್ಣ ಮಾಡಿದ್ದಾರೋ ಅಗಲ ಮಾಡಿದ್ದಾರೋ ತಿಳಿಯುತ್ತದೆ.

ಕೆಟಿಜೆ ನಗರದ ಕಿರಣ

ಫೋಟೊ ಬಂತು. ರೈಸ್ 12.5. ಒಳಗೆ ಬಟ್ಟೆ ಒಂದೊಂದು ಪಕ್ಕ ಒಂದೂಕಾಲು ಇಂಚು ಇದೆ. ಹಳೇ ತೂತು ಕಾಣಿಸುತ್ತಿಲ್ಲ. ಸೀಟು ಹಾಸಿದಾಗ 21.5 ಅಂತೆ, ಜಿಪ್ ಮುಗಿಯೋ ಕಡೆ ಅಳೆದಿದ್ದಾರೆ.

ದುರ್ಗದ ಟೇಲರ್

ಸೀಟು 43 ಆಯಿತು. ನಿಮ್ಮದು 40. ಮೂರು ಇಂಚು ಸಡಿಲ, ನೆರಿಗೆ ಬಾಯಿ ಬಿಡದೆ ಕೂರುತ್ತದೆ. ಅಲ್ಲಿ ತೊಂದರೆ ಇಲ್ಲ.

ಸೊಂಟ ನೋಡೋಣ. ಒಂದೂಕಾಲಿನಲ್ಲಿ ಅರ್ಧ ಇಂಚು ಒಳಗೆ ಉಳಿಸಲೇಬೇಕು, ಇಲ್ಲಾಂದ್ರೆ ಕೂತಾಗ ಹೊಲಿಗೆ ಹರಿಯುತ್ತದೆ. ಉಳಿದದ್ದು ಪಕ್ಕಕ್ಕೆ ಮುಕ್ಕಾಲು. ಎರಡೂ ಸೇರಿ ಒಂದೂವರೆ. 34ಕ್ಕೆ ಸೇರಿಸಿದರೆ 35.5. ಬೇಕಿರೋದು 36.5. ಪಟ್ಟಿಯ ತುದಿಯಲ್ಲೂ ಅಷ್ಟೇ ಬಟ್ಟೆ ಒಳಗೆ ಇದ್ದರೆ ಮಾತ್ರ ಈ ಲೆಕ್ಕ, ಅದನ್ನು ಬೇರೆಯಾಗಿ ಕೇಳಿ. ನನ್ನ ಅಭಿಪ್ರಾಯ, ತಗೊಳ್ಳಬೇಡಿ. ಗುಂಡಿ ಹತ್ತೋದಿಲ್ಲ, ಬಲವಂತ ಮಾಡಿ ಹತ್ತಿಸಿದರೂ ಊಟ ಮಾಡಿ ಕೂರೋಕೆ ಆಗೋದಿಲ್ಲ.

ಮಂಡಿಪೇಟೆ ಹುಡುಗ

ಟೇಲರ್ ಅಣ್ಣ, ಒಂದು ಮಾತು. ಕಿರಣನ ಮೈ ಹೊಕ್ಕಳ ಕೆಳಗೆ 35 ಅಲ್ವಾ? ಬಿಚ್ಚಿಸಿದ ಮೇಲೆ ಪ್ಯಾಂಟ್ 35.5. ಸ್ವಲ್ಪ ಕೆಳಗೆ ಇಳಿಸಿ ಹಾಕ್ಕೊಂಡರೆ ಸರಿಯಾಗಿ ಕೂರುತ್ತೆ. ನಾನು ಹಾಗೇ ಹಾಕ್ತೀನಿ, ಬೆಲ್ಟ್ ಇದ್ದರೆ ಸಾಕು.

ದುರ್ಗದ ಟೇಲರ್

ಸೊಂಟಕ್ಕೆ ಲೆಕ್ಕ ಸರಿ. ಆದರೆ 12.5ರ ರೈಸನ್ನು ಎರಡು ಇಂಚು ಇಳಿಸಿದರೆ ಕಾಲು ಕೂಡುವ ಜಾಗವೂ ಎರಡು ಇಂಚು ಇಳಿಯುತ್ತದೆ. ಹೆಜ್ಜೆ ಅಗಲ ಹಾಕೋಕೆ ಆಗೋದಿಲ್ಲ, ಬೈಕ್ ಹತ್ತುವಾಗ ಒಳತೊಡೆ ಹೊಲಿಗೆ ಎಳೆಯುತ್ತದೆ, ಮೊದಲು ಹರಿಯೋದೂ ಅಲ್ಲೇ. ನೆರಿಗೆಯೂ ಇರಬೇಕಾದ ಕಡೆ ಇರೋದಿಲ್ಲ. ಆ ಪ್ಯಾಂಟಿನ ಚೆಂದವೇ ಹೋಗುತ್ತದೆ.

ಮಂಡಿಪೇಟೆ ಹುಡುಗ

ನನ್ನ ಮೈಗೆ ಹಾಗೇನೂ ಆಗಿಲ್ಲ. ತೊಡೆ ಸಣ್ಣ ಇದ್ದರೆ ನಡೆಯುತ್ತೆ ಅನ್ನೋದು ನನ್ನ ಅನುಭವ. ತೊಡೆ ಅಳತೆಯನ್ನೂ ಕೇಳಿ ಕಿರಣ.

ಸುಮಾ ಹರಿಹರ

ಫ್ರಾಕ್ ಅಳೆದೆ. ಕಂಕುಳಿಂದ ಕಂಕುಳಿಗೆ 16, ಸುತ್ತ 32. ಮಗಳ ಎದೆ 29. ಈಗಲೇ ಹಾಕಿಸಬಹುದು! ಟೇಲರ್ ಅಣ್ಣನಿಗೆ ಥ್ಯಾಂಕ್ಸ್. ಉದ್ದ ಮಾತ್ರ ಮೊಣಕಾಲಿಗಿಂತ ಬಹಳ ಕೆಳಗೆ ಬರುತ್ತೆ, ಕೆಳಗಿನ ಮಡಿಕೆ ಜಾಸ್ತಿ ಬಿಟ್ಟು ಹೊಲಿಸ್ತೀನಿ.

ಕೆಟಿಜೆ ನಗರದ ಕಿರಣ

ತೊಡೆ ಕೇಳಿದ್ದೀನಿ, ಇನ್ನೂ ಉತ್ತರ ಬಂದಿಲ್ಲ. ಪಟ್ಟಿ ತುದಿಯಲ್ಲಿ ಒಳಗೆ ಒಂದೇ ಇಂಚು ಬಟ್ಟೆ ಅಂತಾರೆ. ಅಂದರೆ ಅರ್ಧ ಉಳಿಸಿದರೆ ಎರಡೂ ಕಡೆ ಸೇರಿ ಒಂದು ಇಂಚಷ್ಟೇ, 35 ತನಕ ಮಾತ್ರ. ಇಳಿಸಿ ಹಾಕಿದರೂ ಸಡಿಲ ಉಳಿಯೋದಿಲ್ಲ, ಹಾಗಾಗಿ ಈ ಬೂದು ಪ್ಯಾಂಟ್ ಬಿಟ್ಟೆ. ಅವರ ಹತ್ತಿರ ಇನ್ನೊಂದು ಕಂದು ಬಣ್ಣದ್ದಿದೆ, ಲೇಬಲ್ 36, ಹಾಸಿದಾಗ 18, ರೈಸ್ 12. ಬಿಚ್ಚಿಸಿದರೆ 37 ಬರುತ್ತೆ. ಆದರೆ ಹಿಂದಿನ ಹೊಲಿಗೆ ಹತ್ತಿರ ಹೊರಗಿನ ಬಟ್ಟೆ ಬಿಸಿಲಿಗೆ ಮಾಸಿದ ಹಾಗೆ ಕಾಣುತ್ತೆ. ಬಿಚ್ಚಿದರೆ ಒಳಗಿನ ಬಟ್ಟೆ ಗಾಢವಾಗಿ ಗೆರೆ ಬೀಳುತ್ತಾ? ಟೆರಿವುಲ್‌ನಲ್ಲಿ ಆ ಗೆರೆ ಒಗೆದರೆ ಹೋಗುತ್ತಾ, ಯಾರಾದರೂ ಮಾಡಿಸಿದ್ದೀರಾ?

ದುರ್ಗದ ಟೇಲರ್

ಕಂದು ಬಣ್ಣದಲ್ಲಿ ಗೆರೆ ಕಾಣುತ್ತದೆ. ಒಗೆದರೆ ಮಡಿಕೆ ಹೋಗುತ್ತದೆ, ಬಣ್ಣದ ವ್ಯತ್ಯಾಸ ಹೋಗೋದಿಲ್ಲ. ನಿಮಗೆ 36.5 ಸಾಕು, ಪಕ್ಕಕ್ಕೆ ಕಾಲಿಂಚು ಮಾತ್ರ ಬಿಚ್ಚಿಸಿ, ಗೆರೆ ಸಣ್ಣದಿರುತ್ತದೆ. ಹಿಂದೆ ನಡುವೆ ಬೆಲ್ಟ್ ತೂರಿಸುವ ಪಟ್ಟಿ ಅಗಲವಾಗಿದ್ದರೆ ಮೇಲ್ಭಾಗದ್ದು ಅದರ ಕೆಳಗೆ ಮುಚ್ಚಿಹೋಗುತ್ತದೆ.