ಅಪ್‌ಡೇಟ್: ವರ್ಷದ ನಡುವೆ ವಿದೇಶಕ್ಕೆ ಹೋದವನ ತೆರಿಗೆ ನಿವಾಸ

ನನ್ನ ಪ್ರಶ್ನೆ: "2024ರ ಸೆಪ್ಟೆಂಬರ್ 10ರಂದು ಕೆಲಸಕ್ಕಾಗಿ ಭಾರತ ಬಿಟ್ಟು ಜರ್ಮನಿಗೆ ಹೋದೆ. 2024-25ಕ್ಕೆ ಅನಿವಾಸಿ ಎಂದು ರಿಟರ್ನ್ ಸಲ್ಲಿಸಬಹುದೇ?"

ಸಲ್ಲಿಸಲಾಗಲಿಲ್ಲ. ಉದ್ಯೋಗಕ್ಕೆ ಹೊರಟ ಭಾರತೀಯ ಪ್ರಜೆಗೆ 60 ದಿನಗಳ ನಿಯಮ ಅನ್ವಯಿಸುವುದಿಲ್ಲವೆಂದು ಕೆಲವರು ಹೇಳಿದ್ದು ನಿಜವಾದರೂ, ಹಣಕಾಸು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ನಿವಾಸಿಯೇ ಎನ್ನುವ ಮಿತಿ ಹಾಗೆಯೇ ಉಳಿಯುತ್ತದೆ. ಪಾಸ್‌ಪೋರ್ಟಿನ ಮುದ್ರೆಗಳನ್ನು ಎಣಿಸಿರೆಂದ ಮಂಡ್ಯದ ಹಿರಿಯರೊಬ್ಬರ ಸಲಹೆಯೇ ಫಲಿಸಿತು: ಏಪ್ರಿಲ್ 1ರಿಂದ ಹೊರಡುವವರೆಗೆ 163 ದಿನ, ಜನವರಿಯಲ್ಲಿ ತಂಗಿಯ ಮದುವೆಗೆಂದು ಮೈಸೂರಿನಲ್ಲಿ ಕಳೆದ 25 ದಿನ, ಒಟ್ಟು 188. ಹೊರಟ ಮೇಲೆ ರಜೆಗೆ ಬಂದ ದಿನಗಳೂ ಲೆಕ್ಕಕ್ಕೆ ಸೇರುತ್ತವೆಂದು ನನಗೆ ಹೊಳೆದೇ ಇರಲಿಲ್ಲ. ವಾರವೊಂದು ಮೊದಲೇ ಮರಳಿದ್ದರೆ ಅನಿವಾಸಿಯಾಗುತ್ತಿದ್ದೆ!

ಕೊನೆಗೆ ನಿವಾಸಿಯೆಂದೇ ಜರ್ಮನಿಯ ಸಂಬಳವನ್ನೂ ತೋರಿಸಿ, ಅಲ್ಲಿ ಕಟ್ಟಿದ ತೆರಿಗೆಗೆ ಫಾರ್ಮ್ 67ರ ಮೂಲಕ ರಿಯಾಯಿತಿ ಕೋರಿ ಸಲ್ಲಿಸಿದೆ.