ಬಾರ್‌ಕೋಡ್‌ನ ಗೆರೆ ಓದೋದಾ, ಕೆಳಗಿನ ಅಂಕಿ ಬರೆಯೋದಾ?

ಪ್ರಶ್ನೆ (ದಿನಸಿ ಅಂಗಡಿಯವರ ಮಗಳು): ಅಪ್ಪನ ಅಂಗಡಿಯ ಸಾಮಾನನ್ನೆಲ್ಲ ಎಕ್ಸೆಲ್‌ಗೆ ಹಾಕುತ್ತಿದ್ದೇನೆ. ಸ್ಕ್ಯಾನರ್ ಇಲ್ಲ. ಗೆರೆಗಳನ್ನು ನೋಡಿ ಸಂಖ್ಯೆ ಕಂಡುಹಿಡಿಯೋದು ಕಲಿಯಬೇಕಾ? ಕೆಲವು ಪ್ಯಾಕೆಟ್‌ಗಳಲ್ಲಿ ಒಂದು ಅಂಕಿ ಅಳಿಸಿಹೋಗಿದೆ, ಅದಕ್ಕೇನು ಮಾಡಲಿ?

ಉತ್ತರ (ಪ್ಯಾಕೆಟ್ ಮುದ್ರಣದ ಕೆಲಸದವರು): ಕಲಿಯೋದು ಬೇಡಮ್ಮ. ಸ್ಕ್ಯಾನರ್ ಕೊಡುವುದೂ ಕೆಳಗೆ ಅಚ್ಚಾಗಿರುವ 13 ಅಂಕಿಯನ್ನೇ. ಎಡಗಡೆ ಗೆರೆಗಳಿಂದ ಆಚೆ ಒಂಟಿಯಾಗಿ ನಿಂತಿರುವ ಅಂಕಿಯನ್ನು ಮಾತ್ರ ಬಿಡಬೇಡಿ. ಜಾಸ್ತಿ ಜನ ಬಿಡುವುದು ಅದನ್ನೇ. ಆ ಅಂಕಿಗೆ ಅದರದೇ ಗೆರೆಗಳಿಲ್ಲ. ಗೆರೆಗಳಿರುವುದು ಉಳಿದ 12 ಅಂಕಿಗೆ. ಎಡಭಾಗದ ಆರು ಅಂಕಿಗಳನ್ನು ಯಾವ ಯಾವ ಬಗೆಯಲ್ಲಿ ಬರೆದಿದೆ ಅನ್ನುವುದರಿಂದ ಯಂತ್ರ ಮೊದಲನೆಯದನ್ನು ತಿಳಿಯುತ್ತದೆ. ಕಣ್ಣಲ್ಲಿ ಅದನ್ನು ಹಿಡಿಯಲು ಹೋದರೆ ಸುಮ್ನೆ ತಲೆನೋವು.

ಅಳಿಸಿದ ಅಂಕಿ ಒಂದೇ ಆದರೆ ಲೆಕ್ಕ ಮಾಡಿ ತೆಗೆಯಬಹುದು. ಉದಾಹರಣೆಗೆ ನಾನೇ ಕಟ್ಟಿದ ಸಂಖ್ಯೆ 8901234056721. ಇದರಲ್ಲಿ ಒಂಬತ್ತನೆಯದಾದ 5 ಕಾಣುತ್ತಿಲ್ಲ ಅಂದುಕೊಳ್ಳಿ. ಎಡದಿಂದ 2, 4, 6, 8, 10, 12ನೇ ಸ್ಥಾನದ ಅಂಕಿ ಕೂಡಿಸಿ: 9+1+3+0+6+2 = 21. ಅದರ ಮೂರರಷ್ಟು 63. ಉಳಿದ ಸ್ಥಾನಗಳಲ್ಲಿ ಕಾಣುವುದು 8+0+2+4+7+1 = 22. ಎರಡೂ ಸೇರಿ 85. ಒಟ್ಟು ಹತ್ತರ ಮಗ್ಗಿಯಲ್ಲಿ ಬರಲೇಬೇಕು, ಹಾಗಾಗಿ ಕಳೆದದ್ದು 5. ಅಳಿಸಿದ್ದು 2, 4, 6ನೇ ಥರದ ಸ್ಥಾನದಲ್ಲಾದರೆ ಅದನ್ನೂ ಮೂರರಿಂದ ಗುಣಿಸಿ ನೋಡಬೇಕು. ಎರಡು ಅಂಕಿ ಹೋಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಅದೇ ಮಾಲಿನ ಇನ್ನೊಂದು ಪ್ಯಾಕೆಟ್ ಹುಡುಕಿ.

ನಕಲು ಮಾಡಿದ್ದು ಸರಿಯೇ ಅಂತ ನೋಡಲೂ ಇದೇ ಲೆಕ್ಕ. 3 ಇದ್ದಲ್ಲಿ 8 ಬರೆದಿದ್ದರೆ ತಕ್ಷಣ ಸಿಕ್ಕಿಬೀಳುತ್ತದೆ. ಆದರೆ ಮೇಲಿನ ಸಂಖ್ಯೆಯ 72 ಅನ್ನು 27 ಅಂತ ತಿರುಗಿಸಿ ನೋಡಿ. ಒಟ್ಟು 90 ಇದ್ದದ್ದು 100 ಆಗುತ್ತದೆ, ಸರಿ ಅಂತಲೇ ತೋರಿಸುತ್ತದೆ! ಪಕ್ಕಪಕ್ಕದ ಅಂಕಿಗಳ ನಡುವೆ 5ರ ವ್ಯತ್ಯಾಸ ಇದ್ದಾಗ ಅದಲುಬದಲು ಗೊತ್ತಾಗುವುದೇ ಇಲ್ಲ. ಅದಕ್ಕೇ ಒಬ್ಬರು ಓದಿ, ಇನ್ನೊಬ್ಬರು ಟೈಪ್ ಮಾಡಿದರೆ ಒಳ್ಳೆಯದು.

ಎಕ್ಸೆಲ್‌ನಲ್ಲಿ ಆ ಕಾಲಂ ಅನ್ನು ಮೊದಲೇ `Text` ಮಾಡಿ. ಇಲ್ಲದಿದ್ದರೆ `8.90E+12` ಅಂತ ತೋರಿಸುತ್ತದೆ, ಸೊನ್ನೆಯಿಂದ ಶುರುವಾಗುವ ಸಂಖ್ಯೆಯ ಸೊನ್ನೆ ಹಾರಿಹೋಗುತ್ತದೆ.

ಇನ್ನೊಬ್ಬರು: 890 ಇದ್ದರೆ ಭಾರತದಲ್ಲಿ ತಯಾರಾದ ಮಾಲು ಅಂತ. ಅದನ್ನು ನೋಡಿ ಬೇರೆ ದೇಶದ್ದನ್ನು ಬೇರೆ ಮಾಡಿಡಿ.

ಮುದ್ರಣದವರು: ಅರ್ಧ ಸರಿ ಸರ್. 890 ಭಾರತದ್ದೇ, ಆದರೆ ಆ ಸಂಖ್ಯೆ ಕೊಟ್ಟದ್ದು ಬಾರ್‌ಕೋಡ್ ಸಂಖ್ಯೆ ಹಂಚುವ ಜಿಎಸ್1 ಸಂಸ್ಥೆಯ ಭಾರತದ ಶಾಖೆ ಅಂತ ಅಷ್ಟೇ. ಮಾಲು ಎಲ್ಲಿ ತಯಾರಾಯಿತು ಅನ್ನುವುದು ಅದರಿಂದ ಗೊತ್ತಾಗಲ್ಲ. ಅದಕ್ಕೆ ಪ್ಯಾಕೆಟ್ ಮೇಲಿನ ವಿಳಾಸ ಓದಬೇಕು.

ಹೋಟೆಲ್ ನಡೆಸುವವರು: ನಮ್ಮ ಕ್ಯಾಶ್ ಕೌಂಟರಿನ ಚೌಕದ ಕೋಡ್ ಎಣ್ಣೆ ತಾಗಿ ಮಾಸಿದೆ, ಫೋನು ಓದುತ್ತಿಲ್ಲ. ಅದಕ್ಕೂ ಇದೇ ಲೆಕ್ಕ ನಡೆಯುತ್ತಾ?

ಮುದ್ರಣದವರು: ಇಲ್ಲ ಅಣ್ಣ, ಅದು ಹಣ ಕಳಿಸುವ ಕೋಡ್, ಬೇರೆ ವಿಷಯ. ಕೆಳಗೆ ಯುಪಿಐ ಐಡಿ ಅಚ್ಚಾಗಿದ್ದರೆ ಗಿರಾಕಿಗಳು ಅದನ್ನೇ ಟೈಪ್ ಮಾಡಲಿ. ಹಣ ಹಾಕುವ ಮುಂಚೆ ಪರದೆ ಮೇಲೆ ನಿಮ್ಮ ಹೆಸರು ಬಂತಾ ಅಂತ ನೋಡಿಕೊಳ್ಳಲು ಹೇಳಿ. ಕೋಡ್ ಅಂತೂ ಹೊಸದಾಗಿ ಹಾಕಿಸಿಬಿಡಿ.

ಮೆಡಿಕಲ್ ಶಾಪಿನವರು: ಔಷಧದ ಡಬ್ಬಿಯ ಪುಟ್ಟ ಚೌಕದ ಪಕ್ಕ (01), (17), (10) ಅಂತ ಇರುತ್ತಲ್ಲ. ನಮ್ಮ ಹುಡುಗ ಅದನ್ನೆಲ್ಲ ಒಂದೇ ಉದ್ದ ಸಂಖ್ಯೆಯಾಗಿ ಬರೆದಿದ್ದಾನೆ.

ಮುದ್ರಣದವರು: ಬಿಡಿಸಿ ಬರೆಸಿ. ಆವರಣ ಇರುವುದು ನಮ್ಮ ಕಣ್ಣಿಗೆ ಮಾತ್ರ, ಕೋಡಿನೊಳಗೆ ಅದಿಲ್ಲ. (01) ಆದಮೇಲೆ 14 ಅಂಕಿ, ಅದು ಮಾಲಿನ ಸಂಖ್ಯೆ. (17) ಆದಮೇಲೆ ಎಕ್ಸ್‌ಪೈರಿ: 270831 ಅಂದರೆ 2027ರ ಆಗಸ್ಟ್ 31. ದಿನದಿಂದ ಓದಬೇಡಿ, ಮೊದಲು ಬರುವುದು ವರ್ಷ. (10) ಆದಮೇಲೆ ಬ್ಯಾಚ್, ಅದರಲ್ಲಿ ಅಕ್ಷರಗಳೂ ಇರಬಹುದು. ಇಂಗ್ಲಿಷಿನ ಓ ಮತ್ತು ಸೊನ್ನೆ ಇಲ್ಲಿ ಬಹಳ ಕಾಡುತ್ತವೆ. ಮೇಲೆ ಹೇಳಿದ ಹತ್ತರ ಲೆಕ್ಕ ಬ್ಯಾಚ್ ನಂಬರಿಗೆ ಇಲ್ಲ, ತಪ್ಪಾದರೆ ಯಾರೂ ಎಚ್ಚರಿಸುವುದಿಲ್ಲ. ಡಬ್ಬಿ ಮೇಲೆ ಬ್ಯಾಚ್ ಬೇರೆ ಕಡೆಯೂ ಅಚ್ಚಾಗಿದ್ದರೆ ಅದರ ಜೊತೆ ಹೋಲಿಸಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದು: ಅದೇ ಸೋಪು, ಅದೇ 13 ಅಂಕಿ, ಆದರೆ ಹಳೇ ಮಾಲಿನ ಎಂಆರ್‌ಪಿ ಬೇರೆ, ಹೊಸದರದ್ದು ಬೇರೆ.

ಮುದ್ರಣದವರು: ಬೆಲೆ ಆ 13 ಅಂಕಿಯೊಳಗೆ ಇಲ್ಲಮ್ಮ. ಸಂಖ್ಯೆ ಹಾಗೇ ಬರೆದು, ಎಂಆರ್‌ಪಿಗೆ ಬೇರೆ ಕಾಲಂ ಮಾಡಿ ಎರಡು ಸಾಲು ಇಡಿ.

ಮೆಡಿಕಲ್ ಶಾಪಿನವರು: ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಒಂದೇ ಸಂಖ್ಯೆಗೆ ಎರಡು ಸಾಲು ತೆಗೆದುಕೊಳ್ಳಲ್ಲ. ಅದಕ್ಕೆ ದಾರಿ ಗೊತ್ತಿರುವವರು ಯಾರಾದರೂ ಇದ್ದೀರಾ?