ಎರಡನೇ ಕ್ರಿಯಾಪದ ಬಿಟ್ಟುಹೋಗುತ್ತೆ, ನೀವು ಹೇಗೆ ಕಲಿಸಿದಿರಿ?

ಪ್ರಶ್ನೆ: ನನ್ನ ಹೆಂಡತಿ ಭೋಪಾಲದವಳು, ಈಗ ಹಾಸನದಲ್ಲಿದ್ದೀವಿ. ‘ಕೊಡೆ ತಗೊಂಡು ಹೋಗಿ’ ಅನ್ನೋ ಕಡೆ ‘ಕೊಡೆ ತಗೊಳ್ಳಿ’ ಅಂತಾಳೆ. ಬೇಡದ ಕಡೆಯೆಲ್ಲ ‘ಬಿಟ್ಟೆ’ ಸೇರಿಸ್ತಾಳೆ. ನೀವೆಲ್ಲ ಹೇಗೆ ಕಲಿಸಿದಿರಿ?

ಮೂಡಿಗೆರೆ ಬೆಳೆಗಾರ: ನನಗೆ ಇದರಿಂದ ದುಡ್ಡೇ ಹೋಗಿದೆ. ಕಾಫಿ ಕಣದ ಲೆಕ್ಕಕ್ಕೆ ಜಾರ್ಖಂಡ್ ಹುಡುಗನನ್ನು ಇಟ್ಟುಕೊಂಡಿದ್ದೆ. ಕ್ಯೂರಿಂಗ್ ವರ್ಕ್ಸ್ ಲಾರಿ ಬಂದು ಮೂಟೆ ಒಯ್ದಿದೆ. ಅವನು ಫೋನಿನಲ್ಲಿ ‘ಸಾರ್, ಚೆರಿ ಎಲ್ಲಾ ತಗೊಂಡ್ರು’ ಅಂದ. ತಗೊಂಡ್ರು ಅಂದರೆ ಕೊಂಡುಕೊಂಡರು ಅಂತ ತಾನೇ? ಅಣ್ಣ ವ್ಯಾಪಾರ ಮುಗಿಸಿದ್ದಾನೆ ಅಂತ ತಿಳಿದು, ಒಳ್ಳೆ ರೇಟು ಹೇಳಿದ್ದ ವ್ಯಾಪಾರಿಗೆ ಮಾಲಿಲ್ಲ ಅಂದೆ. ಮಾರಿಲ್ಲ, ಬರೀ ಒಯ್ದಿದ್ದಾರೆ ಅಂತ ಗೊತ್ತಾಗೋ ಹೊತ್ತಿಗೆ 50 ಕೆಜಿ ಮೂಟೆಗೆ 400 ರೂಪಾಯಿ ಇಳಿದಿತ್ತು. ಮೇಲೆ ಲಾರಿ ಬಾಡಿಗೆ, ಹಮಾಲಿ. ‘ತಗೊಂಡು ಹೋದ್ರು’ ಅಂದಿದ್ದರೆ ಸಾಕಿತ್ತು.

ಹಾಸನದ ಮೇಷ್ಟ್ರು: ಬ್ಯಾಂಕಿನವರಿಗೆ ಪಾಠ ಹೇಳಿ ಅನುಭವ ಇದೆ. ‘ಬಿಡು’ ಅಂದರೆ ಕೆಲಸ ಪೂರ್ತಿ ಆಯಿತು ಅಂತ, ಅಷ್ಟೇ. ಆದರೆ ಶುದ್ಧವಾಗಿ ‘ಮಾಡಿಬಿಡು’ ಅಂತಲೇ ಕಲಿಸಿ. ಈ ‘ಮಾಡ್ಬುಡು’ ಕೇಳಿಯೇ ಅವರು ಕೆಡೋದು.

ಅರಸೀಕೆರೆ ಅತ್ತೆ: ಏನ್ರೀ ಮೇಷ್ಟ್ರೇ, ನಾವು ಆಡೋದು ಅಶುದ್ಧವಾ? ನನ್ನ ಸೊಸೆ ಪಾಟ್ನಾದವಳು. ನಿಮ್ಮಂಥವರ ಹತ್ತಿರ ಫೀಸು ಕೊಟ್ಟು ಕಲಿತು ಬಂದು, ಮನೆಯಲ್ಲಿ ‘ತಗಂಡೋಗು’ ಅಂದರೆ ಮಿಕಮಿಕ ನೋಡ್ತಿದ್ದಳು. ಅದರೊಳಗೆ ಎರಡು ಮಾತಿದೆ ಅಂತ ಅವಳಿಗೆ ಕೇಳಿಸೋದೇ ಇಲ್ಲ. ಇನ್ನು ‘ಪೂರ್ತಿ’ ಅಂತೀರಲ್ಲ, ನಮ್ಮ ನಾದಿನಿ ಊಟಕ್ಕೆ ಕರೆದರೆ ಇವಳು ‘ಊಟ ಮಾಡಿಬಿಟ್ಟೆ’ ಅಂದಳು. ಕಾಯದೆ ತಿಂದು ಮುಗಿಸಿದಳು ಅಂತ ಅವರಿಗೆ ಬೇಜಾರು. ‘ಊಟ ಆಯ್ತು’ ಅನ್ನೋದನ್ನ ನಾನೇ ಕಲಿಸಿದೆ.

ಚಿಕ್ಕಮಗಳೂರು ಟೀಚರ್: ಅತ್ತೆ ಹೇಳಿದ್ದು ಸರಿ. ‘ಹೇಳಿದೆ’ ಅನ್ನೋದು ಬರೀ ಸುದ್ದಿ. ‘ಹೇಳಿಬಿಟ್ಟೆ’ ಅಂದರೆ ಬಾಯಿಂದ ಹೋಯ್ತು, ಇನ್ನು ವಾಪಸ್ ಬರಲ್ಲ ಅಂತ. ‘ಬೇಗ ಹೇಳಿಬಿಡು’ ಅಂದಾಗ ಹಿಂಜರಿಯಬೇಡ ಅನ್ನೋ ಒತ್ತಾಯ. ನಾನು ಎರಡನ್ನೂ ಬೇರೆ ಬೇರೆ ಕಲಿಸ್ತೀನಿ. ‘ಮಾಡಿಬಿಟ್ಟೆಯಾ?’ ಅಂತ ಕೇಳಿದರೆ ‘ಇಲ್ಲ, ಮಾಡಿಲ್ಲ’ ಅಂತೀವಿ. ಬಿಡು ಉದುರುತ್ತೆ. ‘ತಗೊಂಡು ಹೋದೆಯಾ?’ ಅಂದರೆ ‘ತಗೊಂಡು ಹೋಗಿಲ್ಲ’. ಹೋಗು ಉಳಿಯುತ್ತೆ, ಯಾಕಂದರೆ ಅಲ್ಲಿ ನಿಜವಾಗಿ ಕಾಲು ಕದಲಬೇಕು. ಅದಕ್ಕೇ ಮೊದಲು ಕೈಗೆ ಕೊಡೆ ಕೊಟ್ಟು ‘ತಗೋ’, ‘ತಗೊಂಡು ಹೋಗು’, ‘ತಗೊಂಡು ಬಾ’ ಮಾಡಿಸ್ತೀನಿ. ಬಿಡು ಆಮೇಲೆ, ಒಂದೊಂದೇ ಸಂದರ್ಭ ಹಿಡಿದು.

ಹಾಸನದ ಮೇಷ್ಟ್ರು: ‘ಯಾರಿಗೂ ಹೇಳಿಬಿಡಬೇಡ’ ಅಂತ ಅನ್ನಲ್ವಾ? ಅಲ್ಲೂ ಇಲ್ಲ ಅನ್ನೋ ಅರ್ಥವೇ. ಬಿಡು ಉಳಿದಿದೆ.

ಚಿಕ್ಕಮಗಳೂರು ಟೀಚರ್: ಅದು ಬಾಯಿ ಜಾರೀತು ಅನ್ನೋ ಎಚ್ಚರಿಕೆ, ಸಾರ್. ನಡೆದದ್ದನ್ನ ಇಲ್ಲ ಅನ್ನುವಾಗ ‘ಹೇಳಿಬಿಡಲಿಲ್ಲ’ ಅಂತ ಯಾರಂತಾರೆ?

ಮೂಡಿಗೆರೆ ಬೆಳೆಗಾರ: ಲೋಟ ‘ಒಡೆದು ಹೋಯ್ತು’ ಅಂದರೆ ಲೋಟದ ಕಾಲು ಎಲ್ಲಿ ಕದಲಿತು ಮೇಡಂ?

ಅರಸೀಕೆರೆ ಅತ್ತೆ: ಅದಿರಲಿ, ಮೇಷ್ಟ್ರು ‘ಬುಡು’ಗೆ ಉತ್ತರ ಕೊಡಲೇ ಇಲ್ಲ.